ನಿದ್ದೆಗೆ ಮೆಗ್ನೀಸಿಯಮ್ಮೋ, ಗ್ಲೈಸಿನ್ನೋ, ಥಿಯನೈನೋ?

ಗದಗದಿಂದ ಕಾಕಾ ಫೋನ್ ಮಾಡಿ ಕೇಳಿದರು: "ಮೂರರಾಗ ಯಾವುದು ತಗೊಳ್ಳಲಿ?"

ಪುರಾವೆ ಮೂರಕ್ಕೂ ತೆಳುವೇ. ಮೆಗ್ನೀಸಿಯಮ್ ಬಗ್ಗೆ ವಯಸ್ಸಾದವರ ಮೇಲೆ ನಡೆದ ಮೂರು ಪ್ರಯೋಗಗಳನ್ನು 2021ರಲ್ಲಿ ಒಟ್ಟುಗೂಡಿಸಿ ನೋಡಿದರು, ಎಲ್ಲ ಸೇರಿ 151 ಜನ. ನಿದ್ದೆ ಸುಮಾರು 17 ನಿಮಿಷ ಬೇಗ ಬಂತು. ಆದರೆ ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೇ. ಊಟದಲ್ಲಿ ಮೆಗ್ನೀಸಿಯಮ್ ಕಮ್ಮಿ ಇದ್ದವರಿಗೆ ಇದನ್ನು ನೋಡಬಹುದು. ಆಕ್ಸೈಡ್ ರೂಪ ಅಗ್ಗ, ಆದರೆ ಹೊಟ್ಟೆ ಸಡಿಲ ಮಾಡುತ್ತದೆ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಗ್ಲೈಸಿನ್ ಸಿಹಿ ಪುಡಿ, ನೀರಲ್ಲಿ ಕರಗುತ್ತದೆ. ಮಲಗುವ ಮುಂಚೆ 3 ಗ್ರಾಂ ಕೊಟ್ಟು ಜಪಾನಿನಲ್ಲಿ ನೋಡಿದ್ದಾರೆ, ಬೆರಳೆಣಿಕೆಯ ಜನರ ಮೇಲೆ.

ತಲೆಯಲ್ಲಿ ಚಿಂತೆ ಓಡುತ್ತಿದ್ದರೆ ಥಿಯನೈನ್, ಸಾಮಾನ್ಯವಾಗಿ 200 ಮಿಲಿಗ್ರಾಂ. ಇದು ಚಹಾದಲ್ಲೂ ಇದೆ, ಆದರೆ ಜೊತೆಗೆ ಕೆಫೀನ್ ಇರುತ್ತಲ್ಲ! ಕಾಕಾ ರಾತ್ರಿ ಒಂಬತ್ತಕ್ಕೆ ಚಹಾ ಕುಡಿಯುವವರು. ಮೊದಲು ಅದನ್ನು ಬಿಡಿ ಎಂದೆ.