ಕಾರ್ಡಿನ ಮೇಲಿದ್ದ ಮುಖ ನಮ್ಮ ಅವ್ವನದಾಗಿರಲಿಲ್ಲ

ಅವ್ವ ತೀರಿಕೊಂಡು ಎಂಟು ತಿಂಗಳಾಯಿತು. ಅಂತ್ಯಕ್ರಿಯೆಯ ದಿನ ಚರ್ಚಿನ ಬಾಗಿಲಲ್ಲಿ ನಾವು ಹಂಚಿದ ಕಾರ್ಡು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೇರೆ ಯಾರಿಗೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಬಾಸೆಲ್ ಮಿಶನ್ ಕಾಲದಿಂದಲೂ ಗದಗ-ಬೆಟಗೇರಿಯಲ್ಲಿರುವ ಮನೆತನ. ಅವ್ವ ಹೋದದ್ದು ಸಂಜೆ. ಅಣ್ಣ ಪುಣೆಯಿಂದ ಬರಬೇಕಿತ್ತು, ಹಾಗಾಗಿ ಮಣ್ಣು ಮರುದಿನ ಮಧ್ಯಾಹ್ನ ಅಂತಾಯಿತು. ರಾತ್ರಿ ಒಂಬತ್ತಕ್ಕೆ ಕಾರ್ಡಿನ ನೆನಪಾಯಿತು. ಅಳುತ್ತಾ ಕೂತವರು ಯಾರು ಹಳೇ ಆಲ್ಬಮ್ ಹುಡುಕುತ್ತಾರೆ? ನನ್ನ ಫೋನಿನಲ್ಲಿ ತಂಗಿಯ ಮಗಳ ಮದುವೆಯ ಗ್ರೂಪ್ ಫೋಟೋ ಇತ್ತು. ಅವ್ವ ಅದರಲ್ಲಿ ನಗುತ್ತಿದ್ದಳು. ಅದನ್ನೇ ಪ್ರಿಂಟಿಂಗ್ ಅಂಗಡಿಗೆ ವಾಟ್ಸಾಪ್ ಮಾಡಿದೆ.

ಮೊದಲ ತಪ್ಪು ಅಲ್ಲೇ ಆಯಿತು. ಆ ಫೋಟೋ ನನಗೂ ವಾಟ್ಸಾಪಿನಲ್ಲೇ ಬಂದಿದ್ದು. ಹಾಗೆ ಬರುವಾಗ ಫೋಟೋ ಕುಗ್ಗುತ್ತದೆ. ನನ್ನ ಹತ್ತಿರ ಇದ್ದದ್ದು ಅಗಲಕ್ಕೆ 1600 ಪಿಕ್ಸೆಲ್ ಮಾತ್ರ, ಒಂದು ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಲೆಕ್ಕ ಹಾಕಿದರೆ ಅವ್ವನ ಪಾಲಿಗೆ ಬರುವುದು 160 ಪಿಕ್ಸೆಲ್, ಬರೀ ಮುಖಕ್ಕೆ ಅರವತ್ತೋ ಎಪ್ಪತ್ತೋ. ಕಾರ್ಡಿನಲ್ಲಿ ಮುಖ ಒಂದು ಇಂಚು ಅಗಲ ಬರಬೇಕಾದರೆ, ಅಚ್ಚು ಚೆನ್ನಾಗಿ ಮೂಡಲು ಸುಮಾರು 300 ಪಿಕ್ಸೆಲ್ ಬೇಕು. ಅಂಗಡಿಯ ಹುಡುಗ ನಾಲ್ಕೈದು ಪಟ್ಟು ಹಿಗ್ಗಿಸಿದ. ಹಿಗ್ಗಿಸಿದಾಗ ಮುಖವೆಲ್ಲ ಚುಕ್ಕೆ ಚುಕ್ಕೆಯಾಯಿತು, ಅದನ್ನು ಮುಚ್ಚಲು ಚರ್ಮ ನುಣುಪು ಮಾಡಿದ. ಸುಕ್ಕುಗಳು ಹೋದವು. ಗದ್ದದ ಎಡಕ್ಕೆ ಕಡಲೆಕಾಳಿನಷ್ಟಿದ್ದ ಮಚ್ಚೆಯೂ ಹೋಯಿತು. ಅವನು ಅದನ್ನು ಕಲೆ ಅಂದುಕೊಂಡಿದ್ದ. ಅವನಿಗಾದರೂ ಹೇಗೆ ಗೊತ್ತಾಗಬೇಕು?

ಸಾಲುಗಳದ್ದು ಇನ್ನೊಂದು ಕತೆ. ನಾನು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ ಕನ್ನಡ ಅವರ ಹಳೇ ಸಾಫ್ಟ್‌ವೇರಿಗೆ ಹಾಕಿದ ಕೂಡಲೇ ಒತ್ತಕ್ಷರಗಳು ಒಡೆದುಹೋದವು. ಎಷ್ಟೋ ಅಂಗಡಿಗಳಲ್ಲಿ ಇದು ಮಾಮೂಲು. ಆಗ ಅವರು ನುಡಿ ಅನ್ನುವ ಸಾಫ್ಟ್‌ವೇರಿನಲ್ಲಿ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡುತ್ತಾರೆ, ಅಂದರೆ ನೀವು ಸರಿಯಾಗಿ ಬರೆದುಕೊಟ್ಟದ್ದಕ್ಕೆ ಬೆಲೆಯಿಲ್ಲ. "ಕರ್ತನಲ್ಲಿ ನಿದ್ರಿಸಿದರು" ಅನ್ನುವುದು "ಕರ್ತನಲ್ಲಿ ನಿಂದಿಸಿದರು" ಅಂತಾಗಿ ಬಂದಿತ್ತು. ರಾತ್ರಿ ಹನ್ನೊಂದಕ್ಕೆ ಬಸ್ಸಿನಲ್ಲಿದ್ದ ಅಣ್ಣನಿಗೆ ಫೋನಿನಲ್ಲಿ ಜೋರಾಗಿ ಓದಿ ಹೇಳಿದೆ, ಅದಕ್ಕೇ ಸಿಕ್ಕಿತು. ಸುಮ್ನೆ ಕಣ್ಣಾಡಿಸಿದ್ದರೆ ಖಂಡಿತ ಸಿಗುತ್ತಿರಲಿಲ್ಲ.

ಆದರೆ ನನಗೆ ಕಳಿಸಿದ್ದು ಮುಂಭಾಗದ ಪ್ರೂಫ್ ಮಾತ್ರ. ಹಿಂಭಾಗದಲ್ಲಿ ಅಂಗಡಿಯವರ ರೆಡಿ ಡಿಸೈನ್ ಹಾಗೇ ಉಳಿದಿತ್ತು. ದೀಪದ ಚಿತ್ರ, ಅದರ ಕೆಳಗೆ "ಮತ್ತೆ ಹುಟ್ಟಿ ಬಾ ಅಮ್ಮಾ". ಪುನರುತ್ಥಾನವನ್ನು ನಂಬುವ ಮನೆಯವರು ನಾವು, ಮರುಜನ್ಮದ ಮಾತು ನಮ್ಮದಲ್ಲ. ಅದೂ ಅಲ್ಲದೆ ನಾವು ಅವಳನ್ನು ಒಂದು ದಿನವೂ ಅಮ್ಮಾ ಅಂತ ಕರೆದವರಲ್ಲ. ಲಿಂಗಾಯತರ ಮನೆಯ ಕಾರ್ಡಿಗೆ ಬೇರೆಯವರ ಪದ್ಧತಿಯ ಸಾಲು ಬಂದರೂ ಇದೇ ಸಂಕಟ, ಅಲ್ವಾ?

ಚರ್ಚಿನಲ್ಲಿ ಚಿಗವ್ವ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಇದು ಯಾರ ಫೋಟೋನವ್ವಾ? ನಮ್ಮಕ್ಕನ ಮಚ್ಚಿ ಎಲ್ಲಿ ಹೋತು?" ಅಂದಳು. ಪೆಟ್ಟಿಗೆ ಇನ್ನೂ ಮುಚ್ಚಿರಲಿಲ್ಲ. ಅವಳು ಒಮ್ಮೆ ಆ ಕಡೆ, ಒಮ್ಮೆ ಕಾರ್ಡಿನ ಕಡೆ ನೋಡುತ್ತಿದ್ದಳು. ನನಗೆ ಉತ್ತರ ಕೊಡಲು ಆಗಲಿಲ್ಲ.

ಟ್ರಂಕಿನಲ್ಲಿ ಒಳ್ಳೆಯ ಫೋಟೋ ಇತ್ತು, ವಾರದ ಮೇಲೆ ಸಿಕ್ಕಿತು. ಅಪ್ಪನ ನಿವೃತ್ತಿಯ ದಿನ ಸ್ಟುಡಿಯೋದಲ್ಲಿ ತೆಗೆಸಿದ್ದು, ಅಂಗೈಯಗಲದ ಪ್ರಿಂಟ್. ಸ್ಕ್ಯಾನರಿನ ಮೇಲಿಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆವು, ಹುಬ್ಬಿನ ಕೂದಲೂ ಬಿಡಿಬಿಡಿಯಾಗಿ ಕಂಡವು. ಗೋಡೆಯ ಮೇಲಿನ ಫೋಟೋವನ್ನು ಫೋನಿನಲ್ಲಿ ತೆಗೆಯಬೇಡಿ, ಗಾಜಿನ ಹೊಳಪು ಬರುತ್ತದೆ. ಫ್ರೇಮಿನಿಂದ ಬಿಡಿಸಿ ಸ್ಕ್ಯಾನ್ ಮಾಡಿಸಿ. ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ, ಹರಿಯುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಆಗುತ್ತದೆ.

ಫೋನಿನ ಫೋಟೋನೇ ಗತಿ ಅಂದರೆ, ಅದನ್ನು ತೆಗೆದವರಿಂದಲೇ ಮೂಲ ಫೈಲ್ ತರಿಸಿ, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಮುಖ ಪರದೆ ತುಂಬುವಷ್ಟು ದೊಡ್ಡದು ಮಾಡಿ ನೋಡಿ. ಕಣ್ಣಿನ ಅಂಚು ಮಸುಕಾದರೆ ಆ ಫೋಟೋ ಬಿಟ್ಟುಬಿಡಿ. "ಮುಖ ಮುಟ್ಟಬ್ಯಾಡ್ರಿ, ಬರೇ ಬೆಳಕು ಸರಿಮಾಡ್ರಿ" ಅಂತ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ. ಎರಡೂ ಬದಿಯ ಪ್ರೂಫ್ ಕೇಳಿ. ಎಲ್ಲ ಪ್ರತಿ ಹೊಡೆಯುವ ಮೊದಲು ಒಂದೇ ಒಂದು ಪ್ರತಿ ಹೊಡೆಸಿ, ದುಃಖದಲ್ಲಿಲ್ಲದ ಒಬ್ಬ ನೆರೆಯವರ ಕೈಗೆ ಕೊಡಿ. ಹುಟ್ಟಿದ ತಾರೀಖು, ಹೆಸರಿನ ಅಕ್ಷರ ಅವರು ಓದಲಿ. ನಮ್ಮ ಕಣ್ಣು ಆ ಹೊತ್ತಿಗೆ ಕೆಲಸ ಮಾಡುವುದಿಲ್ಲ.

ಚಿಗವ್ವನಿಗೆ ಹೊಸ ಕಾರ್ಡು ಮಾಡಿಸಿ ಕೊಟ್ಟೆ, ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದಾಳೆ. ಅಪ್ಪ ತನ್ನ ಫೋಟೋ ತಾನೇ ಆರಿಸಿ, ಹಿಂದೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದು ನನ್ನ ಕೈಗೆ ಕೊಟ್ಟಿದ್ದಾರೆ.