ಎಕ್ಸ್‌ಪೈರಿಯ ಗೆರೆಯನ್ನು ನೋಡಿ ಇಂದಿನ ನಷ್ಟವನ್ನು ಅಂದಾಜು ಮಾಡಬೇಡಿ

ನಿಫ್ಟಿ ಆಪ್ಷನ್‌ಗಳನ್ನು ಮಾರಲು ಹೊಸದಾಗಿ ತೊಡಗಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ನಿಫ್ಟಿ ಎಲ್ಲಿದ್ದರೆ ಎಷ್ಟು ಲಾಭ ಅಥವಾ ನಷ್ಟ ಎಂದು ತೋರಿಸುವ ಪೇಆಫ್ ಗ್ರಾಫನ್ನು ತಪ್ಪಾಗಿ ಓದಿದ್ದರಿಂದ ನಾನು ಆರೇ ದಿನಗಳಲ್ಲಿ ಐವತ್ತು ಸಾವಿರ ರೂಪಾಯಿಗೂ ಹೆಚ್ಚು ಕಳೆದುಕೊಂಡೆ. ಆ ಆರು ದಿನಗಳಲ್ಲಿ ನಿಫ್ಟಿ ಒಮ್ಮೆಯೂ ಗ್ರಾಫ್ ತೋರಿಸುತ್ತಿದ್ದ ಹಸಿರು ವಲಯದಿಂದ ಹೊರಗೆ ಹೋಗಿರಲಿಲ್ಲ. ಲೆಕ್ಕ ಸುಲಭವಾಗಲೆಂದು ಕೆಳಗಿನ ಸಂಖ್ಯೆಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ.

ಎಕ್ಸ್‌ಪೈರಿಗೆ ಮೂವತ್ತು ದಿನಗಳಿದ್ದಾಗ ನಿಫ್ಟಿ 22,000ದಲ್ಲಿತ್ತು. ನಾನು 23,000 ಸ್ಟ್ರೈಕಿನ ಕಾಲ್ ಅನ್ನು 60 ರೂಪಾಯಿಗೂ 21,000 ಸ್ಟ್ರೈಕಿನ ಪುಟ್ ಅನ್ನು 65 ರೂಪಾಯಿಗೂ ಮಾರಿದೆ. ಆಗ ಒಂದು ಲಾಟಿಗೆ 75 ಯೂನಿಟ್ ಇದ್ದುದರಿಂದ ನಾಲ್ಕು ಲಾಟಿಗೆ 300 ಯೂನಿಟ್ ಆಯಿತು. 125 ರೂಪಾಯಿಯ ಲೆಕ್ಕದಲ್ಲಿ ಒಟ್ಟು 37,500 ರೂಪಾಯಿ ಪ್ರೀಮಿಯಂ ಬಂತು. ಗ್ರಾಫಿನ ಎಕ್ಸ್‌ಪೈರಿಯ ಗೆರೆಯಲ್ಲಿ 21,000ದಿಂದ 23,000ದವರೆಗೆ ಮಟ್ಟಸವಾದ ಮೇಲ್ಛಾವಣಿಯೂ ಅದರ ಎರಡು ಬದಿಗೆ ಇಳಿಜಾರೂ ಕಾಣುತ್ತಿದ್ದವು. ಬ್ರೇಕ್‌ಈವನ್ 20,875 ಮತ್ತು 23,125. ಕೆಳಗೆ ಸಾವಿರ ಪಾಯಿಂಟಿಗಿಂತ ಹೆಚ್ಚು ಜಾಗವಿದೆ, ಐನೂರು ಪಾಯಿಂಟ್ ಬಿದ್ದರೂ ಲಾಭವೇ ಎಂದು ನಾನು ಓದಿಕೊಂಡೆ. ಖಾತೆಯಲ್ಲಿದ್ದ ಹಣವೆಲ್ಲ ಮಾರ್ಜಿನ್ನಿಗೆ ಹೋಗಿ, ಸುಮಾರು ನಲವತ್ತು ಸಾವಿರ ಮಾತ್ರ ಉಳಿದಿತ್ತು.

ಅದೇ ಚಿತ್ರದಲ್ಲಿ ಇನ್ನೊಂದು ಗೆರೆಯೂ ಇತ್ತು: ಮೂಲೆಗಳಿಲ್ಲದ, ಬಾಗಿದ, ತೆಳುವಾದ ಗೆರೆ. ಅದರ ಪಕ್ಕದಲ್ಲಿ ಇಂದಿನ ದಿನಾಂಕವಿತ್ತು. ನಾನು ಅದನ್ನು ಅಲಂಕಾರವೆಂಬಂತೆ ಬಿಟ್ಟುಬಿಟ್ಟೆ. ಮಾರಿದ ದಿನ ಆ ಗೆರೆಯ ಅತಿ ಎತ್ತರದ ಬಿಂದು 22,000ದ ಹತ್ತಿರ ಸೊನ್ನೆಯನ್ನು ಮುಟ್ಟಿ ಎರಡೂ ಕಡೆಗೆ ಕೆಳಗಿಳಿಯುತ್ತಿತ್ತು. ಅಂದರೆ ನಿಫ್ಟಿ ಆ ಕ್ಷಣದಲ್ಲಿ ಯಾವ ಕಡೆಗೆ ಸರಿದರೂ ನನಗೆ ಸಿಗುವುದು ನಷ್ಟವೇ. ಲಾಭ ಬರಬೇಕಾದರೆ ದಿನಗಳು ಕಳೆಯಬೇಕು.

ಈ ಎರಡು ಗೆರೆಗಳು ಏಕೆ ಬೇರೆ ಎನ್ನುವುದನ್ನು ನಿಧಾನವಾಗಿ ನೋಡೋಣ. ಎಕ್ಸ್‌ಪೈರಿಯ ದಿನ ಆಪ್ಷನ್ನಿನಲ್ಲಿ ಉಳಿಯುವುದು ಸ್ಟ್ರೈಕಿಗೂ ನಿಫ್ಟಿಗೂ ಇರುವ ನೇರ ವ್ಯತ್ಯಾಸ ಮಾತ್ರ, ಇಲ್ಲವೇ ಸೊನ್ನೆ. ಆದ್ದರಿಂದಲೇ ಆ ಗೆರೆ ಸ್ಟ್ರೈಕಿನಲ್ಲಿ ಮುರಿದು ನೆಟ್ಟಗೆ ಇಳಿಯುತ್ತದೆ, ಮತ್ತು ಅದನ್ನು ಯಾರು ಬೇಕಾದರೂ ಕಾಗದದ ಮೇಲೆ ಕೂಡಿ ಕಳೆದು ಬರೆಯಬಹುದು. ಅದಕ್ಕೆ ಮೊದಲಿನ ಯಾವುದೇ ದಿನ ಆಪ್ಷನ್ನಿನ ಬೆಲೆಯಲ್ಲಿ ಸಮಯದ ಮೌಲ್ಯವೂ ಸೇರಿರುತ್ತದೆ: ಉಳಿದ ದಿನಗಳಲ್ಲಿ ಏನಾದರೂ ಆಗಬಹುದೆಂಬ ಸಾಧ್ಯತೆಗೆ ಮಾರುಕಟ್ಟೆ ಕೊಡುವ ಬೆಲೆ ಅದು. ನಿಫ್ಟಿ ಸ್ಟ್ರೈಕಿಗೆ ಹತ್ತಿರ ಬಂದಷ್ಟೂ ಆ ಭಾಗ ಉಬ್ಬುತ್ತದೆ. ಮಾರಿದವನು ಇಂದೇ ಹೊರಬರಬೇಕಾದರೆ ಆ ಉಬ್ಬಿದ ಬೆಲೆಯನ್ನು ಕೊಟ್ಟೇ ಮರಳಿ ಕೊಳ್ಳಬೇಕು. ಇಂದಿನ ಗೆರೆ ತೋರಿಸುವುದು ಆ ಲೆಕ್ಕವನ್ನು.

ಆರನೆಯ ದಿನ ನಿಫ್ಟಿ 21,350ಕ್ಕೆ ಇಳಿದಿತ್ತು. ಎಕ್ಸ್‌ಪೈರಿಯ ಗೆರೆಯ ಪ್ರಕಾರ ಆ ಜಾಗದಲ್ಲಿ ನನಗೆ ಪೂರ್ಣ ಲಾಭ, 37,500 ರೂಪಾಯಿ. ಪರದೆಯ ಮೇಲಿದ್ದುದು ಬೇರೆ. ಕಾಲ್ ಸುಮಾರು 13 ರೂಪಾಯಿಗೆ ಇಳಿದಿದ್ದರೂ ಪುಟ್ 280ಕ್ಕೆ ಏರಿತ್ತು. 125ಕ್ಕೆ ಮಾರಿದ್ದನ್ನು 293ಕ್ಕೆ ಕೊಳ್ಳಬೇಕು. 168 ರೂಪಾಯಿಯಂತೆ 300ಕ್ಕೆ 50,400 ರೂಪಾಯಿ ನಷ್ಟ.

ಇಲ್ಲಿ ಇನ್ನೊಂದು ವಿಷಯವಿದೆ, ಮತ್ತು ಇಂದಿನ ಗೆರೆಯನ್ನು ನೋಡುವವರೂ ಎಡವುವುದು ಇಲ್ಲೇ. ಆ ಗೆರೆಯನ್ನು ಆರನೆಯ ದಿನಕ್ಕೆ ಸರಿಸಿ 21,350ರಲ್ಲಿ ಓದಿದ್ದರೂ ನನಗೆ ಕಾಣುತ್ತಿದ್ದುದು ಸುಮಾರು 18,000 ರೂಪಾಯಿ ನಷ್ಟ ಮಾತ್ರ. ಬಾಗಿದ ಗೆರೆಯನ್ನು ಸಾಫ್ಟ್‌ವೇರ್ ಒಂದು ಸೂತ್ರದಿಂದ ಎಳೆಯುತ್ತದೆ. ಅದರಲ್ಲಿ ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ಮುಂದಿನ ಏರಿಳಿತದ ಬಗ್ಗೆ ಬೆಲೆಯೊಳಗೇ ಅಡಗಿರುವ ಅಂದಾಜು, ಈಗಿದ್ದಂತೆಯೇ ಇರುತ್ತದೆ ಎಂದು ಸಾಮಾನ್ಯವಾಗಿ ಊಹಿಸಿಕೊಂಡಿರುತ್ತದೆ. ನಾನು ಮಾರಿದಾಗ ಪುಟ್ಟಿನಲ್ಲಿ ಅದು ಶೇಕಡಾ 15 ಇತ್ತು. ನಿಫ್ಟಿ ರಭಸದಿಂದ ಬಿದ್ದಾಗ ಪುಟ್ಟಿಗೆ ಬೇಡಿಕೆ ಹೆಚ್ಚಿ ಅದು 20ಕ್ಕೆ ಏರಿತು. ನಷ್ಟದ ಉಳಿದ 32,400 ರೂಪಾಯಿ ಬಂದದ್ದು ಬಹುಪಾಲು ಈ ಐದು ಅಂಶಗಳ ಏರಿಕೆಯಿಂದ. ಬೆಲೆ ಮತ್ತು ವೊಲಾಟಿಲಿಟಿ ಜೊತೆಜೊತೆಗೇ ಸರಿಯುತ್ತವೆ, ಅದರಲ್ಲೂ ಸೂಚ್ಯಂಕ ಬೀಳುವಾಗ. ಆದರೆ ಗ್ರಾಫ್ ಒಂದನ್ನು ಕಟ್ಟಿಹಾಕಿ ಇನ್ನೊಂದನ್ನು ಮಾತ್ರ ಸರಿಸಿ ತೋರಿಸುತ್ತದೆ.

ಹಾಗಾದರೆ ಎಕ್ಸ್‌ಪೈರಿಯವರೆಗೆ ಕಾದಿದ್ದರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಮಾರಿದ ಆಪ್ಷನ್ನಿನ ಮಾರ್ಜಿನ್ ಲೆಕ್ಕವಾಗುವುದು ಪ್ರತಿದಿನದ ಬೆಲೆಯ ಮೇಲೆ. ಪುಟ್ಟಿನ ಬೆಲೆ ಏರಿದಂತೆ ನನ್ನ ಉಳಿಕೆ ಹಣ ಕರಗಿತು, ಏರಿಳಿತ ಹೆಚ್ಚಿದ್ದರಿಂದ ಬೇಕಾದ ಮಾರ್ಜಿನ್ ಕೂಡ ಏರಿತು. ಮಾರ್ಜಿನ್ ಕೊರತೆಯಿದೆ, ಹಣ ಹಾಕದಿದ್ದರೆ ಪೊಸಿಷನ್ ಮುಚ್ಚಲಾಗುವುದು ಎಂಬ ಸಂದೇಶ ಬ್ರೋಕರಿನಿಂದ ಬಂತು. ತುಂಬಲು ಬೇರೆ ಹಣವಿರಲಿಲ್ಲ. ನಾಲ್ಕೂ ಲಾಟನ್ನು ನಾನೇ ಮುಚ್ಚಿದೆ. ಎಕ್ಸ್‌ಪೈರಿಯ ಗೆರೆ ಸುಳ್ಳು ಹೇಳಿರಲಿಲ್ಲ. ಅಲ್ಲಿಯವರೆಗೆ ತಲುಪಲು ಎಷ್ಟು ಹಣ ಕೈಯಲ್ಲಿರಬೇಕು ಎಂಬುದನ್ನು ಅದು ಹೇಳುವುದೇ ಇಲ್ಲ.

ಆ ತಿಂಗಳ ಎಕ್ಸ್‌ಪೈರಿಯಲ್ಲಿ ನಿಫ್ಟಿ ಎರಡು ಸ್ಟ್ರೈಕುಗಳ ನಡುವೆಯೇ ನಿಂತಿತು, ನಾನು ಮಾರಿದ್ದ ಎರಡೂ ಆಪ್ಷನ್‌ಗಳು ಸೊನ್ನೆಯಾದವು. ಇದನ್ನು ಕೇಳಿ ಕಾಯುವುದೇ ಸರಿಯಾದ ದಾರಿ ಎಂದು ಯಾರೂ ತಿಳಿಯಬಾರದು. ಅದು 20,500ಕ್ಕೆ ಇಳಿದು ನಿಂತಿದ್ದರೆ ನಷ್ಟ 1,12,500 ರೂಪಾಯಿ ಆಗುತ್ತಿತ್ತು, ಮತ್ತು ಆರನೆಯ ದಿನ ಇವೆರಡರಲ್ಲಿ ಯಾವುದಾಗುತ್ತದೆಂದು ಹೇಳಬಲ್ಲ ಗೆರೆ ಯಾವ ಗ್ರಾಫಿನಲ್ಲೂ ಇರಲಿಲ್ಲ.

ಈಗ ನಾನು ಪೇಆಫ್ ಗ್ರಾಫ್ ತೆರೆದಾಗ ಮೊದಲು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ನಿಫ್ಟಿಯ ಈಗಿನ ಬೆಲೆಯಲ್ಲಿ ಇಂದಿನ ಗೆರೆ ತೋರಿಸುವ ಮೊತ್ತ, ಪೊಸಿಷನ್ ಪುಟದಲ್ಲಿರುವ ಲಾಭ ನಷ್ಟಕ್ಕೆ ಹೊಂದಬೇಕು. ಹೊಂದದಿದ್ದರೆ ಕೊಂಡ ಅಥವಾ ಮಾರಿದ ಬೆಲೆಯನ್ನು ತಪ್ಪಾಗಿ ತುಂಬಿರುತ್ತೇವೆ, ಇಲ್ಲವೇ ಸಾಫ್ಟ್‌ವೇರ್ ಹಳೆಯ ವೊಲಾಟಿಲಿಟಿಯನ್ನು ಹಿಡಿದುಕೊಂಡಿರುತ್ತದೆ. ಬೇರೆ ಬೇರೆ ತಿಂಗಳ ಎಕ್ಸ್‌ಪೈರಿಗಳನ್ನು ಸೇರಿಸಿದ ಕ್ಯಾಲೆಂಡರ್ ಸ್ಪ್ರೆಡ್ಡಿನಲ್ಲಂತೂ ಮೊದಲ ಎಕ್ಸ್‌ಪೈರಿಯ ಗೆರೆಯೂ ಅಂದಾಜೇ, ಏಕೆಂದರೆ ಆ ದಿನ ದೂರದ ಆಪ್ಷನ್ನಿನಲ್ಲಿ ಸಮಯದ ಮೌಲ್ಯ ಇನ್ನೂ ಉಳಿದಿರುತ್ತದೆ.

ಆಮೇಲೆ ದಿನಾಂಕವನ್ನು ಒಂದು ವಾರ ಮುಂದಕ್ಕೆ ಸರಿಸಿ, ವೊಲಾಟಿಲಿಟಿಯನ್ನು ಐದು ಅಂಶ ಏರಿಸಿ, ನಿಫ್ಟಿ ಶೇಕಡಾ 3ರಷ್ಟು ಬಿದ್ದರೆ ಬರುವ ನಷ್ಟವನ್ನು ಹಾಳೆಯ ಮೇಲೆ ಬರೆದು, ಪಕ್ಕದಲ್ಲಿ ಖಾತೆಯಲ್ಲಿ ಉಳಿಯುವ ಹಣವನ್ನು ಬರೆಯುತ್ತೇನೆ. ಅಂದು ಈ ಎರಡು ಸಂಖ್ಯೆಗಳನ್ನು ಬರೆದಿದ್ದರೆ 50 ಸಾವಿರದ ಆಸುಪಾಸಿನ ನಷ್ಟದ ಎದುರು ನಲವತ್ತು ಸಾವಿರ ಕಾಣುತ್ತಿತ್ತು. ನಾಲ್ಕರ ಬದಲು ಎರಡೇ ಲಾಟ್ ಮಾರುತ್ತಿದ್ದೆ. ಆಗ ಆರನೆಯ ದಿನದ ನಷ್ಟ 25,200 ರೂಪಾಯಿಗೆ ನಿಲ್ಲುತ್ತಿತ್ತು, ಉಳಿದೆರಡು ಲಾಟಿನ ಮಾರ್ಜಿನ್ ಹಣವೂ ಖಾತೆಯಲ್ಲೇ ಇರುತ್ತಿತ್ತು, ಮುಚ್ಚಬೇಕೋ ಇಟ್ಟುಕೊಳ್ಳಬೇಕೋ ಎಂಬ ತೀರ್ಮಾನ ನನ್ನ ಕೈಯಲ್ಲಿರುತ್ತಿತ್ತು.