ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ: ಮೂರು ವರ್ಷ ಬಳಸಿದ ಮೇಲೆ

ಮೈಸೂರಿನಿಂದ ಭಾನುವಾರ ಬೆಳಿಗ್ಗೆ ಹೊರಟು ಪಾಂಡವಪುರ, ಮೇಲುಕೋಟೆ ಕಡೆಯ ಗುಡ್ಡ ಹತ್ತೋದು ನಮ್ಮ ಅಭ್ಯಾಸ. ಮೂರು ವರ್ಷದಿಂದ ಈ ನಕ್ಷೆ ಬ್ಯಾಗಲ್ಲಿದೆ. ತುಂಬಾ ಇಷ್ಟವಾಗಿದೆ, ಆದರೆ ಓದೋದು ಕಲಿಯೋಕೆ ಒಂದು ಸಲ ಪೆಟ್ಟು ತಿನ್ನಬೇಕಾಯ್ತು.

ಮೊದಲ ಸಲ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆಸಿದ್ದೆ. ಗುಡ್ಡದ ಮೇಲಕ್ಕೆ ಒಂದು ಗೆರೆ ಹೋಗಿತ್ತು, ಕಾಲುದಾರಿ ಅಂದುಕೊಂಡು ಹತ್ತಿದೆವು. ಅರ್ಧ ಗಂಟೆಯಲ್ಲಿ ಎರಡೂ ಕಡೆ ಗೋಡೆ ಎದ್ದಂತಾಯಿತು, ಕಾಲ ಕೆಳಗೆ ಬರೀ ಜಾರುವ ಕಲ್ಲು, ಸುತ್ತ ಲಂಟಾನ. ಅದು ನೀರು ಬತ್ತಿದ ಹಳ್ಳ. ಬಣ್ಣದ ಪ್ರಿಂಟ್‌ನಲ್ಲಿ ಕಾಲುದಾರಿ ಕೆಂಪು, ಬತ್ತಿದ ಹಳ್ಳ ಕಪ್ಪು, ಎತ್ತರದ ಗೆರೆಗಳು ಕಂದು. ನನ್ನ ಪ್ರಿಂಟ್‌ನಲ್ಲಿ ಎಲ್ಲವೂ ಒಂದೇ.

ಬಣ್ಣ ಇಲ್ಲದಿದ್ದರೂ ಗೊತ್ತಾಗಬೇಕಿತ್ತು. ಕಾಂಟೂರ್ ಗೆರೆ ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸಿದ ಗೆರೆ. ಅದು ಬಾಣದ ತುದಿಯಂತೆ ಮಡಚಿಕೊಂಡ ಕಡೆ ಏಣು, ಅಂದರೆ ಗುಡ್ಡದ ಉಬ್ಬಿದ ಬೆನ್ನು ಇರುತ್ತೆ, ಇಲ್ಲಾಂದ್ರೆ ಹಳ್ಳ ಇರುತ್ತೆ. ಸುಮ್ನೆ ನೋಡಿದರೆ ಎರಡೂ ಒಂದೇ ಥರ. ದಪ್ಪ ಗೆರೆಯ ಮೇಲಿನ ಸಂಖ್ಯೆ ನೋಡಬೇಕು. ತುದಿ ದೊಡ್ಡ ಸಂಖ್ಯೆಯ ಕಡೆ, ಅಂದರೆ ಮೇಲಕ್ಕೆ ಚುಚ್ಚಿದರೆ ಹಳ್ಳ. ಚಿಕ್ಕ ಸಂಖ್ಯೆಯ ಕಡೆ, ಕೆಳಕ್ಕೆ ಚುಚ್ಚಿದರೆ ಏಣು. ನಾವು ಹೋದ ಗೆರೆಯ ಉದ್ದಕ್ಕೂ ಎಲ್ಲಾ ತುದಿಗಳೂ ಮೇಲಕ್ಕೇ ಇದ್ದವು!

ಮುಂದಿನ ವಾರ ಅದೇ ಗುಡ್ಡಕ್ಕೆ ಸ್ಕೇಲ್ ಇಟ್ಟು ಕೂತೆ. ಈ ಹಾಳೆಯಲ್ಲಿ ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರ, ಐದನೆಯದು ದಪ್ಪ, ಹಾಗಾಗಿ ದಪ್ಪದಿಂದ ದಪ್ಪಕ್ಕೆ 100 ಮೀಟರ್. ಪೂರ್ವದ ಕಡೆ ಎರಡು ದಪ್ಪ ಗೆರೆಗಳ ನಡುವೆ 4 ಮಿಲಿಮೀಟರ್ ಬಂತು. ನಕ್ಷೆಯ 1 ಮಿಲಿಮೀಟರ್ ಅಂದರೆ ನೆಲದಲ್ಲಿ 50 ಮೀಟರ್, ಅಂದರೆ 200 ಮೀಟರ್ ಮುಂದೆ ಹೋಗುವಷ್ಟರಲ್ಲಿ 100 ಮೀಟರ್ ಏರಬೇಕು. ಕೈ ಊರದೆ ಆಗಲ್ಲ. ಪಶ್ಚಿಮದ ಏಣಿನ ಮೇಲೆ 12 ಮಿಲಿಮೀಟರ್, ಅಂದರೆ ಅದೇ 100 ಮೀಟರ್ ಏರೋಕೆ 600 ಮೀಟರ್ ಸಿಗುತ್ತೆ. ಅಲ್ಲಿಂದ ಹತ್ತಿದೆವು. ಚಾಮುಂಡಿ ಬೆಟ್ಟದಲ್ಲೂ ಇದೇ ಲೆಕ್ಕ ಅಲ್ವಾ, ಮೆಟ್ಟಿಲು ಗೆರೆಗಳನ್ನು ಬೇಗ ಬೇಗ ಕಡಿದುಕೊಂಡು ಹೋಗುತ್ತೆ, ಬಸ್ಸಿನ ರಸ್ತೆ ಸುತ್ತಿ ಸುತ್ತಿ ನಿಧಾನವಾಗಿ ದಾಟುತ್ತೆ.

ಪ್ರಿಂಟ್ ಮಾಡಿಸುವಾಗ ಹಾಳೆಗೆ ಹೊಂದಿಸಿ ಕುಗ್ಗಿಸಬೇಡಿ ಅಂತ ಹೇಳಿ. ಕುಗ್ಗಿದರೆ ಗೆರೆಗಳು ಹತ್ತಿರ ಬಂದು ಇಳಿಜಾರು ಇರೋದಕ್ಕಿಂತ ಕಡಿದಾಗಿ ಕಾಣುತ್ತೆ. ಕೆಳಗಿನ ಅಳತೆಪಟ್ಟಿಯಲ್ಲಿ 1 ಕಿಲೋಮೀಟರ್ ಸರಿಯಾಗಿ 2 ಸೆಂಟಿಮೀಟರ್ ಇದೆಯಾ ನೋಡಿಕೊಳ್ಳಿ.

ನಿಜವಾದ ಕೊರತೆ ಒಂದೇ. ಆ ಸಲೀಸಾದ ಏಣಿನ ಮೇಲೆ ಎರಡು ಆಳೆತ್ತರದ ಬಂಡೆ ಅಡ್ಡ ಬಂತು, ನಕ್ಷೆಯಲ್ಲಿ ಅದರ ಸುಳಿವೇ ಇಲ್ಲ. 20 ಮೀಟರ್‌ಗೆ ಒಂದು ಗೆರೆ ಆದಾಗ ನಡುವಿನ ಅಂಥ ಬಂಡೆ ಕಾಣೋದಿಲ್ಲ. ನಮ್ಮ ಕಡೆಯ ಕಲ್ಲುಗುಡ್ಡಗಳಲ್ಲಿ ಇದು ಜಾಸ್ತಿ. ಅದಕ್ಕೇ ಈಗ ಹತ್ತುವ ಮುಂಚೆ ಕುರಿ ಮೇಯಿಸೋರನ್ನು ಒಂದು ಮಾತು ಕೇಳುತ್ತೇವೆ. ಅವತ್ತು ಎಡಕ್ಕೆ ಬಳಸಿ ಹೋಗಿ ಅಂದವರೂ ಅವರೇ.

ಐದಕ್ಕೆ ನಾಲ್ಕು ಸ್ಟಾರ್.